ಇನ್ನೊಂದು ವಾಹಿನಿ ಬೇಕೆ?

‘ವಾಹಿನಿ’ ಎಂಬ ಪದಕ್ಕೆ ನಿಘಂಟಿನಲ್ಲಿ ನದಿ ಎಂಬ ಅರ್ಥವಿದೆ. ಸೇನೆ ಎಂಬ ಅರ್ಥವೂ ಇದೆ. ಈಗ ಅದಕ್ಕೆ ಇನ್ನೊಂದು ಅರ್ಥ ಸೇರಿಕೊಂಡಿದೆ. ಯೂಟ್ಯೂಬಿನಲ್ಲಿ ಒಬ್ಬರು ತಮ್ಮ ವಿಡಿಯೋಗಳನ್ನು ಒಂದೇ ಹೆಸರಿನ ಅಡಿಯಲ್ಲಿ ಕ್ರಮವಾಗಿ ಪ್ರಕಟಿಸುವ ಜಾಗವನ್ನೂ ನಾವು ವಾಹಿನಿ ಎಂದೇ ಕರೆಯುತ್ತೇವೆ. ಅಡುಗೆ, ಗಣಿತ, ಕೃಷಿ, ಹರಟೆ, ಪ್ರವಾಸ, ಹೀಗೆ ನಾನಾ ವಿಷಯಗಳಿಗೆ ಮೀಸಲಾದ ವಾಹಿನಿಗಳನ್ನು ನೀವು ನೋಡಿದ್ದೀರಿ. ಇಂಥ ವಾಹಿನಿಯನ್ನು ಕೆಲವು ಕಾಲ ನಡೆಸಿದವರಿಗೆ ಒಂದಲ್ಲ ಒಂದು ದಿನ ಒಂದು ಪ್ರಶ್ನೆ ಎದುರಾಗುತ್ತದೆ. ಅವರಿಗೆ ಹೊಸದೊಂದು ವಿಷಯದಲ್ಲಿ ಆಸಕ್ತಿ ಹುಟ್ಟುತ್ತದೆ. ಅದನ್ನು ಇರುವ ವಾಹಿನಿಯಲ್ಲಿಯೇ ಹರಿಸಬೇಕೆ, ಅಥವಾ ಅದಕ್ಕಾಗಿ ಎರಡನೆಯ ವಾಹಿನಿಯೊಂದನ್ನು ತೋಡಬೇಕೆ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಬಗೆಯನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಮೊದಲು, ವಿಡಿಯೋವೊಂದು ನೋಡುಗರನ್ನು ಹೇಗೆ ತಲುಪುತ್ತದೆ ಎಂಬುದನ್ನು ತಿಳಿಯಬೇಕು. ಯೂಟ್ಯೂಬನ್ನು ತೆರೆದವರ ಮುಂದೆ ಹತ್ತಾರು ವಿಡಿಯೋಗಳ ಪುಟ್ಟ ಮುಖಚಿತ್ರಗಳೂ ಶೀರ್ಷಿಕೆಗಳೂ ಬಂದು ನಿಲ್ಲುತ್ತವೆ. ಇವು ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಯಾರು ಹಿಂದೆ ಏನನ್ನು ನೋಡಿದ್ದಾರೆ, ಎಷ್ಟು ಹೊತ್ತು ನೋಡಿದ್ದಾರೆ, ಯಾವುದನ್ನು ಮುಟ್ಟದೆ ಬಿಟ್ಟಿದ್ದಾರೆ ಎಂಬುದನ್ನು ಗಮನಿಸಿ, ಅವರಿಗೆ ರುಚಿಸಬಹುದಾದುದನ್ನು ಒಂದು ಶಿಫಾರಸು ವ್ಯವಸ್ಥೆ ಆರಿಸಿ ಮುಂದಿಡುತ್ತದೆ. ವಾಹಿನಿಯೊಂದು ಹೊಸ ವಿಡಿಯೋ ಪ್ರಕಟಿಸಿದಾಗ ಅದು ಸಹಜವಾಗಿ ಆ ವಾಹಿನಿಯನ್ನು ಈಗಾಗಲೇ ನೋಡುತ್ತಿರುವ ಹಲವರ ಮುಂದೆ ಕಾಣಿಸಿಕೊಳ್ಳುತ್ತದೆ. ಅವರು ಅದನ್ನು ತೆರೆದು ಕೊನೆಯವರೆಗೆ ನೋಡಿದರೆ, ಅಂಥದೇ ಅಭಿರುಚಿಯ ಬೇರೆಯವರಿಗೂ ತಲುಪುವ ದಾರಿ ತೆರೆಯುತ್ತದೆ. ಅವರು ಅದನ್ನು ಕಂಡೂ ಕಾಣದಂತೆ ದಾಟಿ ಹೋದರೆ ಆ ವಿಡಿಯೋ ಅಲ್ಲಿಯೇ ನಿಂತುಬಿಡಬಹುದು.

ಇದರಿಂದ ಒಂದು ಮುಖ್ಯ ಸಂಗತಿ ಹೊಳೆಯುತ್ತದೆ. ಹೊಸ ವಿಷಯ ಬಂದಾಗ ಸಾಮಾನ್ಯವಾಗಿ ಎಲ್ಲರೂ ಕೇಳುವ ಪ್ರಶ್ನೆ, “ಈ ವಿಷಯ ನನ್ನ ಹಳೆಯ ವಿಷಯಕ್ಕಿಂತ ಬೇರೆಯೇ?” ಎಂಬುದು. ಕೇಳಬೇಕಾದ ಪ್ರಶ್ನೆ ಅದಲ್ಲ. “ಇದನ್ನು ನೋಡುವವರು ನನ್ನ ಹಳೆಯ ನೋಡುಗರಿಗಿಂತ ಬೇರೆಯೇ?” ಎಂದು ಕೇಳಬೇಕು. ವಿಷಯಗಳು ದೂರವಾಗಿದ್ದೂ ನೋಡುಗರು ಒಂದೇ ಆಗಿರಬಹುದು. ವಿಷಯಗಳು ಹತ್ತಿರವಾಗಿದ್ದೂ ನೋಡುಗರು ಬೇರೆಯಾಗಿರಬಹುದು. ವಾಹಿನಿಯನ್ನು ಕಟ್ಟುವುದು ನೋಡುಗರು, ವಿಷಯವಲ್ಲ.

ಇದಕ್ಕೆ ಪ್ರಸಿದ್ಧವಾದ ಒಂದು ನಿದರ್ಶನವಿದೆ. ಬ್ರಾಡಿ ಹ್ಯಾರನ್ ಎಂಬ ಪತ್ರಕರ್ತರು 2008ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ರಸಾಯನ ವಿಜ್ಞಾನಿಗಳೊಡನೆ ಸೇರಿ ‘ಪೀರಿಯಾಡಿಕ್ ವಿಡಿಯೋಸ್’ ಎಂಬ ವಾಹಿನಿಯನ್ನು ಆರಂಭಿಸಿದರು. ಆವರ್ತ ಕೋಷ್ಟಕದ ಒಂದೊಂದು ಧಾತುವಿಗೂ ಒಂದೊಂದು ವಿಡಿಯೋ ಮಾಡುವುದು ಅದರ ಉದ್ದೇಶ. ಮುಂದೆ ಭೌತವಿಜ್ಞಾನದ ವಿಷಯಗಳನ್ನು ಹೇಳಬೇಕೆನಿಸಿದಾಗ ಅವರು ಅವನ್ನು ಅದೇ ವಾಹಿನಿಗೆ ಸೇರಿಸಲಿಲ್ಲ. 2009ರಲ್ಲಿ ‘ಸಿಕ್ಸ್‌ಟಿ ಸಿಂಬಲ್ಸ್’ ಎಂಬ ಬೇರೆ ವಾಹಿನಿ ಹುಟ್ಟಿತು. ಗಣಿತಕ್ಕಾಗಿ 2011ರಲ್ಲಿ ‘ನಂಬರ್‌ಫೈಲ್’, ಗಣಕ ವಿಜ್ಞಾನಕ್ಕಾಗಿ 2013ರಲ್ಲಿ ‘ಕಂಪ್ಯೂಟರ್‌ಫೈಲ್’ ಬಂದವು. ಇವೆಲ್ಲ ವಿಜ್ಞಾನವೇ ಅಲ್ಲವೆ, ಒಂದೇ ಕಡೆ ಇದ್ದರೆ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ಸೋಡಿಯಂ ಲೋಹವನ್ನು ನೀರಿಗೆ ಹಾಕಿದರೆ ಏನಾಗುತ್ತದೆಂದು ನೋಡಲು ಬಂದವನಿಗೆ ಅವಿಭಾಜ್ಯ ಸಂಖ್ಯೆಗಳ ಒಗಟಿನಲ್ಲಿ ಆಸಕ್ತಿ ಇರಲೇಬೇಕೆಂದಿಲ್ಲ. ಅವನ ಮುಂದೆ ವಾರಕ್ಕೆರಡು ಬಾರಿ ಒಗಟು ಬಂದು ನಿಂತರೆ ಅವನು ದಾಟಿ ಹೋಗುವುದನ್ನು ರೂಢಿ ಮಾಡಿಕೊಳ್ಳುತ್ತಾನೆ. ಆಮೇಲೆ ಸೋಡಿಯಂ ಬಂದರೂ ಅವನ ಕಣ್ಣು ನಿಲ್ಲುವುದು ಕಷ್ಟ.

ಆದರೆ ಇದೇ ನಂಬರ್‌ಫೈಲ್ ವಾಹಿನಿಯನ್ನು ಒಳಹೊಕ್ಕು ನೋಡಿ. ಅಲ್ಲಿ ಕೇವಲ ಸಂಖ್ಯೆಗಳಿಲ್ಲ. ರೇಖಾಗಣಿತವಿದೆ, ಹಗ್ಗದ ಗಂಟುಗಳ ಗಣಿತವಿದೆ, ಆಟಗಳ ತರ್ಕವಿದೆ, ಸಂಭವನೀಯತೆ ಇದೆ. ಪಂಡಿತರ ದೃಷ್ಟಿಯಲ್ಲಿ ಇವು ಗಣಿತದ ಬೇರೆ ಬೇರೆ ಶಾಖೆಗಳು. ಹಾಗಿದ್ದೂ ಅವಕ್ಕೆ ಬೇರೆ ಬೇರೆ ವಾಹಿನಿಗಳಾಗಲಿಲ್ಲ. ಒಂದು ಸೊಗಸಾದ ಒಗಟನ್ನು ಬಿಡಿಸುವ ಆನಂದಕ್ಕಾಗಿ ಬಂದ ನೋಡುಗನಿಗೆ ಆ ಒಗಟು ಸಂಖ್ಯೆಯದೋ ಗಂಟಿನದೋ ಎಂಬುದು ದೊಡ್ಡ ಮಾತಲ್ಲ. ಹೀಗೆ ಒಡೆಯಬೇಕಾದ ಗೆರೆ ವಿಷಯದ ನಡುವೆ ಇರುವುದಿಲ್ಲ. ನೋಡುಗರ ನಡುವೆ ಇರುತ್ತದೆ.

ಆ ಗೆರೆಯನ್ನು ಕಂಡುಹಿಡಿಯುವುದು ಹೇಗೆ? ಇದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ನೋಡೋಣ. ಧಾರವಾಡದ ಕಡೆಯ ಒಬ್ಬ ಗೃಹಿಣಿ ಅಡುಗೆಯ ವಾಹಿನಿಯೊಂದನ್ನು ನಡೆಸುತ್ತಿದ್ದಾರೆ ಎಂದುಕೊಳ್ಳಿ. ಜೋಳದ ರೊಟ್ಟಿ ಬಡಿಯುವುದು, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೀಗೆ ವಾರಕ್ಕೊಂದು ವಿಡಿಯೋ. ಅವರಿಗೆ ಇಪ್ಪತ್ತು ಸಾವಿರ ಚಂದಾದಾರರಿದ್ದಾರೆ. ಈಗ ಅವರ ಮನಸ್ಸಿನಲ್ಲಿ ಎರಡು ಹೊಸ ವಿಷಯಗಳಿವೆ. ಒಂದು, ಊರೂರಿನ ಖಾನಾವಳಿಗಳಿಗೆ ಹೋಗಿ ಅಲ್ಲಿಯ ಊಟವನ್ನು ಪರಿಚಯಿಸುವುದು. ಇನ್ನೊಂದು, ಹಿತ್ತಿಲಲ್ಲಿ ಬದನೆ, ಮೆಣಸಿನಕಾಯಿ, ಮೆಂತ್ಯ ಬೆಳೆಯುವುದು. ಯಾರನ್ನು ಕೇಳಿದರೂ, ಖಾನಾವಳಿ ಊಟಕ್ಕೆ ಸಂಬಂಧಿಸಿದ್ದಾದ್ದರಿಂದ ಅಡುಗೆಯ ವಾಹಿನಿಯಲ್ಲಿ ಇರಲಿ, ಕೈತೋಟ ಬೇರೆ ವಿಷಯವಾದ್ದರಿಂದ ಅದಕ್ಕೆ ಬೇರೆ ವಾಹಿನಿ ಮಾಡಿ ಎನ್ನುವ ಸಂಭವವೇ ಹೆಚ್ಚು. ಅವರು ಆ ಮಾತನ್ನು ಒಡನೆಯೇ ಒಪ್ಪದೆ ಪರೀಕ್ಷೆ ಮಾಡಿ ನೋಡಲು ನಿಶ್ಚಯಿಸುತ್ತಾರೆ.

ಪರೀಕ್ಷೆ ಇರುವ ವಾಹಿನಿಯಲ್ಲಿಯೇ ನಡೆಯಬೇಕು, ಏಕೆಂದರೆ ನೋಡುಗರು ಇರುವುದು ಅಲ್ಲಿ. ವಾರಕ್ಕೊಂದು ಅಡುಗೆಯ ವಿಡಿಯೋ ಎಂದಿನಂತೆ ನಡೆಯುತ್ತಿರುವಾಗಲೇ, ಎರಡು ತಿಂಗಳ ಅವಧಿಯಲ್ಲಿ ಖಾನಾವಳಿಯ ನಾಲ್ಕು, ಕೈತೋಟದ ನಾಲ್ಕು ವಿಡಿಯೋಗಳನ್ನು ಅವರು ನಡುನಡುವೆ ಪ್ರಕಟಿಸುತ್ತಾರೆ. ಒಂದೇ ಒಂದು ವಿಡಿಯೋದಿಂದ ನಿರ್ಣಯಕ್ಕೆ ಬರಲಾಗದು. ಮುಖಚಿತ್ರ ಚೆನ್ನಾಗಿರಲಿಲ್ಲವೆಂದೋ, ಅಂದು ಹಬ್ಬವಿತ್ತೆಂದೋ ಅದು ಸೋತಿರಬಹುದು. ನಾಲ್ಕೂ ಒಂದೇ ಕಡೆ ವಾಲಿದರೆ ಅದನ್ನು ನಂಬಬಹುದು. ಹೀಗೆ ನಾಲ್ಕಾರು ವಿಡಿಯೋ ಸೋತರೆ ಇಡೀ ವಾಹಿನಿಗೇ ಶಿಕ್ಷೆಯಾಗುತ್ತದೆ ಎಂಬ ಭಯ ಹಲವರಲ್ಲಿದೆ. ಅದು ಅಷ್ಟಾಗಿ ನಿಜವಲ್ಲ. ಶಿಫಾರಸು ಮುಖ್ಯವಾಗಿ ಒಬ್ಬೊಬ್ಬ ನೋಡುಗನ ಅಭಿರುಚಿಯನ್ನೂ ಒಂದೊಂದು ವಿಡಿಯೋವನ್ನೂ ಹೊಂದಿಸಿ ನೋಡುತ್ತದೆ. ತಿಂಗಳುಗಟ್ಟಲೆ ಬೇಡವಾದುದನ್ನೇ ಮುಂದಿಟ್ಟು ನೋಡುಗರಿಗೆ ದಾಟಿಹೋಗುವ ಅಭ್ಯಾಸ ಮಾಡಿಸಿದರೆ ಮಾತ್ರ ನಷ್ಟ.

ಫಲವನ್ನು ಓದಲು ಯೂಟ್ಯೂಬ್ ಸ್ಟುಡಿಯೊ ಎಂಬ ಸೌಲಭ್ಯವಿದೆ. ವಾಹಿನಿಯ ಒಡೆಯರಿಗೆ ಅಲ್ಲಿ ಅನೇಕ ಅಂಕಿಗಳು ಸಿಗುತ್ತವೆ; ನಮಗೆ ಮೂರು ಸಾಕು. ಮೊದಲನೆಯದು, ಮುಖಚಿತ್ರವನ್ನು ಕಂಡ ನೂರು ಸಲದಲ್ಲಿ ಎಷ್ಟು ಸಲ ವಿಡಿಯೋ ತೆರೆಯಲ್ಪಟ್ಟಿತು ಎಂಬುದು. ಎರಡನೆಯದು, ತೆರೆದವರು ಸರಾಸರಿ ಎಷ್ಟು ಹೊತ್ತು ನೋಡಿದರು ಎಂಬುದು. ಮೂರನೆಯದು, ನೋಡಿದವರು ಯಾರು ಎಂಬುದು. ಹಿಂದೆ ಬಂದವರೇ ಮತ್ತೆ ಬಂದರೋ, ಹೊಸಬರೋ, ಹೊಸಬರಾದರೆ ಹುಡುಕಿಕೊಂಡು ಬಂದರೋ ಶಿಫಾರಸಿನಿಂದ ಬಂದರೋ.

ನಮ್ಮ ಉದಾಹರಣೆಯ ಗೃಹಿಣಿಗೆ ದೊರೆತ ಫಲ ಹೀಗಿದೆ ಎಂದು ಭಾವಿಸೋಣ. ಅವರ ಎಂಟು ನಿಮಿಷದ ಅಡುಗೆಯ ವಿಡಿಯೋವನ್ನು ಮುಖಚಿತ್ರ ಕಂಡ ನೂರು ಸಲದಲ್ಲಿ ಆರು ಸಲ ತೆರೆಯುವುದು ವಾಡಿಕೆ. ಸರಾಸರಿ ನಾಲ್ಕು ನಿಮಿಷ ನೋಡುತ್ತಾರೆ. ಕೈತೋಟದ ವಿಡಿಯೋಗಳನ್ನು ನೂರಕ್ಕೆ ಐದು ಸಲ ತೆರೆದಿದ್ದಾರೆ; ನೋಡಿದ್ದು ನಾಲ್ಕು ನಿಮಿಷ. ನೋಡಿದವರಲ್ಲಿ ಬಹುಪಾಲು ಜನ ಹಳಬರು. ಖಾನಾವಳಿಯ ವಿಡಿಯೋಗಳನ್ನು ಮೊದಲ ಎರಡು ದಿನ ನೂರಕ್ಕೆ ಎರಡೇ ಸಲ ತೆರೆದಿದ್ದಾರೆ. ಒಂದೂವರೆ ನಿಮಿಷಕ್ಕೆ ಎದ್ದು ಹೋಗಿದ್ದಾರೆ. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಒಂದು ವಿಚಿತ್ರ ಕಾಣುತ್ತದೆ. ಊರಿನ ಹೆಸರು ಹಾಕಿ ಊಟದ ಜಾಗ ಹುಡುಕುವವರು ಅದೇ ವಿಡಿಯೋಗಳಿಗೆ ಬರತೊಡಗಿದ್ದಾರೆ. ಅವರು ಐದು ನಿಮಿಷದವರೆಗೂ ನೋಡುತ್ತಾರೆ, ಒಂದು ಖಾನಾವಳಿಯಿಂದ ಇನ್ನೊಂದು ಖಾನಾವಳಿಯ ವಿಡಿಯೋಗೆ ಹೋಗುತ್ತಾರೆ, ಆದರೆ ರೊಟ್ಟಿ ಬಡಿಯುವ ವಿಡಿಯೋವನ್ನು ತಿರುಗಿಯೂ ನೋಡುವುದಿಲ್ಲ.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಅಡುಗೆಯ ವಿಡಿಯೋ ನೋಡುವವರು ಮನೆಯಲ್ಲಿ ಅಡುಗೆ ಮಾಡುವವರು. ಎಣ್ಣೆಗಾಯಿಗೆ ಎಳೆಯ ಬದನೆ ಬೇಕೆಂದು ತಿಳಿದವರಿಗೆ ಆ ಬದನೆಯನ್ನು ಹಿತ್ತಿಲಲ್ಲಿ ಬೆಳೆಯುವ ಆಸೆ ಇರುತ್ತದೆ. ಖಾನಾವಳಿಯ ವಿಡಿಯೋ ನೋಡುವವರು ಮನೆ ಬಿಟ್ಟು ಪ್ರಯಾಣ ಹೊರಟವರು. ಅವರಿಗೆ ಬೇಕಾದುದು ಊಟ, ಅಡುಗೆಯಲ್ಲ. ಒಲೆಯ ಮುಂದೆ ನಿಂತವರು ಬೇರೆ, ಎಲೆಯ ಮುಂದೆ ಕುಳಿತವರು ಬೇರೆ. ಹೀಗೆ ದೂರವೆಂದು ತೋರಿದ ಕೈತೋಟ ಇರುವ ವಾಹಿನಿಯಲ್ಲಿಯೇ ನಿಲ್ಲುತ್ತದೆ. ಹತ್ತಿರವೆಂದು ತೋರಿದ ಖಾನಾವಳಿ ಬೇರೆ ವಾಹಿನಿಯನ್ನು ಕೇಳುತ್ತದೆ. ಕೈತೋಟದ ವಿಡಿಯೋಗಳನ್ನು ಅದೇ ವಾಹಿನಿಯೊಳಗೆ ಒಂದು ಪ್ಲೇಲಿಸ್ಟಾಗಿ ಒಟ್ಟುಗೂಡಿಸಿಟ್ಟರೆ ಸಾಕು. ಬೇಕಾದವರು ಅಲ್ಲಿ ಸಾಲಾಗಿ ನೋಡಿಕೊಳ್ಳುತ್ತಾರೆ.

ಇಲ್ಲಿ ಎರಡು ಎಚ್ಚರಗಳಿವೆ. ಖಾನಾವಳಿಯ ವಿಡಿಯೋಗಳನ್ನು ಹಳಬರೂ ನೋಡದೆ ಹೊಸಬರೂ ಹುಡುಕಿ ಬಾರದೆ ಹೋಗಿದ್ದರೆ, ಅದಕ್ಕೆ ಬೇರೆ ವಾಹಿನಿ ಬೇಕೆಂದು ಅರ್ಥವಲ್ಲ. ಆ ವಿಡಿಯೋಗಳಲ್ಲಿಯೇ ಏನೋ ಕೊರತೆ ಇದೆಯೆಂದು ಅರ್ಥ. ಸೋತ ವಿಷಯವನ್ನು ಹೊಸ ಮನೆಗೆ ಸಾಗಿಸಿದ ಮಾತ್ರಕ್ಕೆ ಅದು ಗೆಲ್ಲುವುದಿಲ್ಲ. ಎರಡನೆಯ ಎಚ್ಚರ ಅಂಕಿಗಳದ್ದು. ನೂರಕ್ಕೆ ಎಷ್ಟು ಸಲ ತೆರೆದರು ಎಂಬ ಪ್ರಮಾಣ, ವಿಡಿಯೋ ಹೆಚ್ಚು ಹೆಚ್ಚು ಅಪರಿಚಿತರ ಮುಂದೆ ಹೋದಂತೆ ಸಾಮಾನ್ಯವಾಗಿ ಇಳಿಯುತ್ತದೆ. ಆದ್ದರಿಂದ ನೂರು ಜನ ಅಭಿಮಾನಿಗಳ ಮುಂದೆ ಹೋದ ವಿಡಿಯೋವನ್ನೂ ಲಕ್ಷ ಜನರ ಮುಂದೆ ಹೋದ ವಿಡಿಯೋವನ್ನೂ ಹೋಲಿಸುವುದು ತಪ್ಪು. ತಮ್ಮದೇ ವಾಹಿನಿಯ ವಿಡಿಯೋಗಳನ್ನು, ಪ್ರಕಟವಾದ ಮೇಲೆ ಅಷ್ಟೇ ದಿನಗಳು ಕಳೆದ ಘಟ್ಟದಲ್ಲಿ, ಸುಮಾರು ಅಷ್ಟೇ ಜನರ ಮುಂದೆ ಹೋದಾಗ ಹೋಲಿಸಬೇಕು.

ನೋಡುಗರು ಬೇರೆ ಎಂದು ತಿಳಿದ ಮೇಲೂ ಎರಡನೆಯ ವಾಹಿನಿಗೆ ಕೈಹಾಕುವ ಮುನ್ನ ಅದರ ಬೆಲೆಯನ್ನು ಲೆಕ್ಕ ಹಾಕಬೇಕು. ಹೊಸ ವಾಹಿನಿಗೆ ಹಳೆಯದರ ಇಪ್ಪತ್ತು ಸಾವಿರ ಚಂದಾದಾರರು ಬಳುವಳಿಯಾಗಿ ಬರುವುದಿಲ್ಲ. ಅದು ಸೊನ್ನೆಯಿಂದ ಹೊರಡುತ್ತದೆ. ಜಾಹೀರಾತಿನ ಆದಾಯದಲ್ಲಿ ಪಾಲು ಪಡೆಯಲು ಒಂದೊಂದು ವಾಹಿನಿಯೂ ಬೇರೆ ಬೇರೆಯಾಗಿ ಅರ್ಹತೆ ಗಳಿಸಬೇಕು. ದೀರ್ಘ ವಿಡಿಯೋಗಳನ್ನು ಮಾಡುವವರಿಗೆ ಇರುವ ನಿಯಮದಂತೆ 1000 ಚಂದಾದಾರರು ಇರಬೇಕು. ಹಿಂದಿನ ಹನ್ನೆರಡು ತಿಂಗಳಲ್ಲಿ ಜನ ಆ ವಾಹಿನಿಯನ್ನು ಒಟ್ಟು 4000 ಗಂಟೆ ನೋಡಿರಬೇಕು.

ಈ 4000 ಗಂಟೆ ಎಂದರೆ ಎಷ್ಟು? ನಿಮಿಷಕ್ಕೆ ತಿರುಗಿಸಿದರೆ 2,40,000 ನಿಮಿಷ. ಒಬ್ಬ ನೋಡುಗ ಒಂದು ಸಲಕ್ಕೆ ಸರಾಸರಿ ನಾಲ್ಕು ನಿಮಿಷ ನೋಡಿದರೆ 60,000 ವೀಕ್ಷಣೆಗಳು ಬೇಕು. ವಾರಕ್ಕೊಂದರಂತೆ ವರ್ಷಕ್ಕೆ 52 ವಿಡಿಯೋ ಮಾಡಿದರೆ, ಒಂದೊಂದಕ್ಕೂ ಸರಾಸರಿ 1150ಕ್ಕಿಂತ ಸ್ವಲ್ಪ ಹೆಚ್ಚು ವೀಕ್ಷಣೆ ಬರಬೇಕಾಯಿತು. ಹೆಸರಿಲ್ಲದ ವಾಹಿನಿಯ ಮೊದಲ ವಿಡಿಯೋಗಳನ್ನು ನೋಡುವವರು ಬೆರಳೆಣಿಕೆಯಷ್ಟೇ ಇರಬಹುದು. ಖಾನಾವಳಿಯ ವಿಡಿಯೋಗಳಂತೆ, ಜನ ವರ್ಷವಿಡೀ ಹುಡುಕಿಕೊಂಡು ಬರುವ ವಿಷಯವಾದರೆ ಹಳೆಯ ವಿಡಿಯೋಗಳೂ ದುಡಿಯುತ್ತಲೇ ಇರುತ್ತವೆ, ಆಗ ಈ ಲೆಕ್ಕ ಕೈಗೆಟುಕಬಹುದು. ಇಂದಿಗೆ ಮಾತ್ರ ಬೆಲೆಯಿರುವ ವಿಷಯವಾದರೆ ಅದು ಕಷ್ಟ.

ಹಣಕ್ಕಿಂತ ದೊಡ್ಡದು ಶ್ರಮದ ಬೆಲೆ. ವಾರಕ್ಕೆ ಒಂದು ವಿಡಿಯೋ ಮಾಡುವ ಶಕ್ತಿ ಇರುವವರು ಎರಡು ವಾಹಿನಿ ನಡೆಸಹೊರಟರೆ, ಒಂದೊಂದಕ್ಕೂ ಹದಿನೈದು ದಿನಕ್ಕೊಂದು ವಿಡಿಯೋ ದೊರೆಯುತ್ತದೆ. ಆಗ ಹೊಸ ವಾಹಿನಿ ಬೇರು ಬಿಡುವ ಮೊದಲೇ ಹಳೆಯದು ಬಾಡತೊಡಗುತ್ತದೆ. ಇದನ್ನು ಮುಂಚಿತವಾಗಿಯೇ ಅರಿಯುವ ಸುಲಭ ಉಪಾಯವೊಂದಿದೆ. ಹೊಸ ವಾಹಿನಿಯನ್ನು ತೆರೆಯದೆ, ಅದಕ್ಕೆ ಬೇಕಾದ ಆರು ವಿಡಿಯೋಗಳನ್ನು ಹಳೆಯ ವಾಹಿನಿಯ ಒಂದು ವಾರವೂ ತಪ್ಪದಂತೆ ಮಾಡಿ ಇಟ್ಟುಕೊಳ್ಳಬೇಕು. ಅಷ್ಟನ್ನು ಮಾಡಲು ಆಗದೆ ಹೋದರೆ ವಾಹಿನಿಯನ್ನು ನಡೆಸಲೂ ಆಗುವುದಿಲ್ಲ.

ವಾಹಿನಿಯನ್ನು ತೆರೆದ ದಿನ ಬಹುಮಂದಿ ಮಾಡುವ ಒಂದು ತಪ್ಪಿದೆ. “ನನ್ನ ಹೊಸ ವಾಹಿನಿಗೂ ಚಂದಾದಾರರಾಗಿ” ಎಂದು ಹಳೆಯ ನೋಡುಗರೆಲ್ಲರನ್ನೂ ಅವರು ಕೇಳಿಕೊಳ್ಳುತ್ತಾರೆ. ವಿಶ್ವಾಸಕ್ಕಾಗಿ ಸಾವಿರ ಜನ ಸೇರಿಯೂ ಸೇರುತ್ತಾರೆ. ಆದರೆ ಅವರಿಗೆ ಖಾನಾವಳಿಯಲ್ಲಿ ಆಸಕ್ತಿ ಇಲ್ಲವೆಂಬುದು ಪರೀಕ್ಷೆಯಲ್ಲಿ ಆಗಲೇ ತಿಳಿದಿದೆ. ಅವರು ಹೊಸ ವಿಡಿಯೋಗಳನ್ನು ತೆರೆಯುವುದಿಲ್ಲ. ಯಾವ ನಿರಾಸಕ್ತಿಯಿಂದ ತಪ್ಪಿಸಿಕೊಳ್ಳಲು ಬೇರೆ ವಾಹಿನಿ ಮಾಡಿದರೋ ಅದೇ ನಿರಾಸಕ್ತಿಯನ್ನು ಕೈಹಿಡಿದು ಕರೆತಂದಂತಾಗುತ್ತದೆ. ಚಂದಾದಾರರ ಸಂಖ್ಯೆ ಸಾವಿರ ದಾಟಿದ್ದರೂ ಒಂದು ವಿಡಿಯೋಗೆ ಐವತ್ತು ಜನ ನೋಡುಗರು ಮಾತ್ರ ಇದ್ದರೆ, ಹೀಗೇ ಆಗಿದೆಯೋ ಏನೋ ಎಂದು ಸಂದೇಹಪಡಬೇಕು. ಅದರ ಬದಲು, ಹಳೆಯ ವಾಹಿನಿಯ ಖಾನಾವಳಿ ವಿಡಿಯೋಗಳ ಅಡಿಯಲ್ಲಿ ಮಾತ್ರ ಹೊಸ ವಾಹಿನಿಯ ಕೊಂಡಿಯನ್ನು ಇಟ್ಟರೆ, ಅವನ್ನು ಹುಡುಕಿ ಬಂದವರೇ ಅಲ್ಲಿಗೆ ಹೋಗುತ್ತಾರೆ.

ಭಾಷೆಯ ವಿಷಯದಲ್ಲಿ ಇದೇ ತತ್ತ್ವ ಇನ್ನೂ ಸ್ಪಷ್ಟವಾಗುತ್ತದೆ. ಅದೇ ಗೃಹಿಣಿ ಅದೇ ರೊಟ್ಟಿಯನ್ನು ಹಿಂದಿಯಲ್ಲಿ ವಿವರಿಸಿದರೆ ವಿಷಯ ಒಂದಿಷ್ಟೂ ಬದಲಾಗಿಲ್ಲ, ಆದರೆ ನೋಡುಗರು ಪೂರ್ತಿ ಬದಲಾಗಿದ್ದಾರೆ. ಹಿಂದಿಯ ವಿಡಿಯೋಗಳನ್ನು ಕನ್ನಡದ ವಾಹಿನಿಯಲ್ಲಿ ಬೆರೆಸಿದರೆ ಇಬ್ಬರಿಗೂ ಅರ್ಧದಷ್ಟು ವಿಡಿಯೋಗಳು ಬೇಡವಾದವೇ ಆಗುತ್ತವೆ. ಆದ್ದರಿಂದ ಭಾಷೆಗೊಂದು ವಾಹಿನಿ ಮಾಡುವ ಪದ್ಧತಿ ಬಹುಕಾಲ ನಡೆದುಬಂದಿತು. ಒಂದೇ ವಿಡಿಯೋಗೆ ಹಲವು ಭಾಷೆಗಳ ಧ್ವನಿಯನ್ನು ಜೋಡಿಸುವ ಅನುಕೂಲವನ್ನು ಯೂಟ್ಯೂಬ್ 2023ರಲ್ಲಿ ಪ್ರಕಟಿಸಿದ ಮೇಲೆ ಇದಕ್ಕೆ ಮತ್ತೊಂದು ದಾರಿ ದೊರೆತಿದೆ. ಮಾತನ್ನು ಮಾತ್ರ ಬದಲಿಸಿದರೆ ಸಾಕಾದಲ್ಲಿ ಹೀಗೆ ಧ್ವನಿ ಜೋಡಿಸಬಹುದು. ಆದರೆ ಬೇರೆ ಭಾಷೆಯವರಿಗಾಗಿ ಅಡುಗೆಯನ್ನೇ ಬೇರೆಯಾಗಿ ಆರಿಸಬೇಕಾದರೆ, ಜೋಳವನ್ನೇ ಕಂಡರಿಯದವರಿಗೆ ಮೊದಲಿನಿಂದ ಹೇಳಬೇಕಾದರೆ, ಬೇರೆ ವಾಹಿನಿಯೇ ಲೇಸು.

ಕೊನೆಗೆ ನೆನಪಿಡಬೇಕಾದ ಮಾತೊಂದಿದೆ. ಒಂದು ವಾಹಿನಿಯಲ್ಲಿ ಪ್ರಕಟವಾದ ವಿಡಿಯೋವನ್ನು ಅದರ ವೀಕ್ಷಣೆಗಳು, ನೋಡುಗರ ಮಾತುಗಳು ಸಹಿತವಾಗಿ ಎತ್ತಿ ಇನ್ನೊಂದು ವಾಹಿನಿಗೆ ಇಡಲು ಬರುವುದಿಲ್ಲ. ಮತ್ತೆ ಹೊಸದಾಗಿ ಏರಿಸಬೇಕು, ಎಣಿಕೆ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ಬೇರೆಯಾದುದನ್ನು ಮುಂದೆ ಎಂದಾದರೂ ಒಂದುಗೂಡಿಸಬೇಕೆಂದರೂ ಈ ನಷ್ಟ ತಪ್ಪದು. ಆದುದರಿಂದ ಸಂದೇಹವಿರುವಷ್ಟು ಕಾಲ ಹೊಸ ವಿಷಯ ಹಳೆಯ ವಾಹಿನಿಯಲ್ಲಿಯೇ ಇರಲಿ. ಹಳಬರು ಅದನ್ನು ಬೇಡವೆನ್ನುತ್ತಿರುವುದು, ಹೊಸಬರು ಅದನ್ನೇ ಬೇಕೆನ್ನುತ್ತಿರುವುದು, ಎರಡನ್ನೂ ಸಾಕುವ ಶಕ್ತಿ ತನಗಿರುವುದು, ಈ ಮೂರೂ ಅಂಕಿಯಲ್ಲಿಯೂ ಅನುಭವದಲ್ಲಿಯೂ ಖಚಿತವಾದ ದಿನ ಕಾಲುವೆಯನ್ನು ಕವಲೊಡೆಸಬಹುದು. ಕವಲಿನ ಕೊನೆಯಲ್ಲಿ ನೀರಿಗಾಗಿ ಕಾದಿರುವ ಹೊಲವಿದೆಯೇ ಎಂದು ಮೊದಲು ನೋಡಿ, ಆಮೇಲೆ ಗುದ್ದಲಿ ಎತ್ತುವವನೇ ಜಾಣ ಒಕ್ಕಲಿಗ.